ವೀರ್ಯಾಣು ಮತ್ತು ಟೆಸ್ಟೊಸ್ಟೆರೋನ್: ವೃಷಣದ ಎರಡು ಕೆಲಸ, ಮಿದುಳಿನ ಹಿಡಿತ

ವೃಷಣ ಎರಡು ಕೆಲಸ ಮಾಡುತ್ತದೆ. ವೀರ್ಯಾಣುಗಳನ್ನು ತಯಾರಿಸುವುದು ಒಂದು. ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಬಿಡುವುದು ಇನ್ನೊಂದು. ಎರಡೂ ಒಂದೇ ಅಂಗದಲ್ಲಿ ನಡೆದರೂ ಅವುಗಳ ಜಾಗ ಬೇರೆ, ಮಾಡುವ ಜೀವಕೋಶಗಳು ಬೇರೆ, ಮಿದುಳಿನ ಬುಡದಿಂದ ಅವುಗಳಿಗೆ ಬರುವ ಆದೇಶಗಳೂ ಬೇರೆ. ಹಾಗಾಗಿ ರಕ್ತದಲ್ಲಿ ಟೆಸ್ಟೊಸ್ಟೆರೋನ್ ಧಾರಾಳವಾಗಿದ್ದೂ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಇಲ್ಲದ ಸ್ಥಿತಿ ಬರಬಹುದು. ಮಾಂಸಖಂಡ ಬೆಳೆಸಲೆಂದು ಟೆಸ್ಟೊಸ್ಟೆರೋನ್ ಚುಚ್ಚಿಸಿಕೊಳ್ಳುವವರಲ್ಲಿ ಆಗುವುದು ಇದೇ.

ವಯಸ್ಕನ ಒಂದು ವೃಷಣದ ಗಾತ್ರ ಸಾಮಾನ್ಯವಾಗಿ 15ರಿಂದ 25 ಮಿಲಿಲೀಟರ್. ಅದರ ಬಹುಭಾಗವನ್ನು ತುಂಬಿರುವುದು ಸುರುಳಿ ಸುತ್ತಿಕೊಂಡ ನೂರಾರು ಸಪೂರ ನಾಳಿಕೆಗಳು. ಒಂದೊಂದು ನಾಳಿಕೆಯ ದಪ್ಪ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು, ಉದ್ದ ಬಿಡಿಸಿದರೆ ಒಂದರಿಂದ ಎರಡೂವರೆ ಅಡಿ. ವೀರ್ಯಾಣುಗಳು ಹುಟ್ಟುವುದು ಈ ನಾಳಿಕೆಗಳ ಒಳಗೋಡೆಯಲ್ಲಿ. ನಾಳಿಕೆ ನಾಳಿಕೆಗಳ ನಡುವಿನ ಸಂದಿಯಲ್ಲಿ ರಕ್ತನಾಳಗಳ ಪಕ್ಕಕ್ಕೆ ಗುಂಪು ಗುಂಪಾಗಿ ಕೂತಿರುವ ಕೋಶಗಳು ಟೆಸ್ಟೊಸ್ಟೆರೋನ್ ತಯಾರಿಸುತ್ತವೆ. ಈ ಸಂದಿಯ ಕೋಶಗಳನ್ನು 1850ರಲ್ಲಿ ವರ್ಣಿಸಿದವನು ಜರ್ಮನಿಯ ಫ್ರಾಂಟ್ಸ್ ಲೈಡಿಗ್. ನಾಳಿಕೆಯ ಒಳಗೆ ವೀರ್ಯಾಣುಗಳ ಜೊತೆಗೇ ಇರುವ ಎತ್ತರದ ಕೋಶಗಳನ್ನು 1865ರಲ್ಲಿ ವರ್ಣಿಸಿದವನು ಇಟಲಿಯ ಎನ್ರಿಕೊ ಸರ್ಟೋಲಿ. ಇಬ್ಬರಿಗೂ ಸೂಕ್ಷ್ಮದರ್ಶಕದಲ್ಲಿ ಕೋಶಗಳು ಕಂಡವೇ ಹೊರತು ಅವುಗಳ ಕೆಲಸ ತಿಳಿದಿರಲಿಲ್ಲ. ಅದು ಸ್ಪಷ್ಟವಾಗಿದ್ದು ಮುಂದಿನ ಶತಮಾನದಲ್ಲಿ.

ಎಪ್ಪತ್ತನಾಲ್ಕು ದಿನಗಳ ತಯಾರಿ

ನಾಳಿಕೆಯ ಗೋಡೆಯನ್ನು ಅಡ್ಡಲಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊರ ಅಂಚಿನಿಂದ ನಡುವಿನ ಟೊಳ್ಳಿನವರೆಗೆ ಕೋಶಗಳು ಪದರ ಪದರವಾಗಿ ಕಾಣುತ್ತವೆ. ಹೊರ ಅಂಚಿನಲ್ಲಿರುವುದು ಮೂಲಕೋಶಗಳು. ಇವು ವಿಭಜನೆಗೊಂಡಾಗ ಕೆಲವು ಅಲ್ಲೇ ಮೂಲಕೋಶಗಳಾಗಿ ಉಳಿಯುತ್ತವೆ, ಉಳಿದವು ವೀರ್ಯಾಣುವಾಗುವ ದಾರಿ ಹಿಡಿಯುತ್ತವೆ. ಹೀಗೆ ಒಂದು ಪಾಲು ಸದಾ ಉಳಿಯುವುದರಿಂದಲೇ ಹರೆಯದಲ್ಲಿ ಆರಂಭವಾದ ಉತ್ಪಾದನೆ ಮುಪ್ಪಿನವರೆಗೂ ನಡೆಯುತ್ತದೆ. ಹೆಣ್ಣಿನಲ್ಲಿ ಅಂಡಗಳ ಸಂಗ್ರಹ ಹುಟ್ಟುವ ಮೊದಲೇ ಸಿದ್ಧವಾಗಿ ಮುಂದೆ ಕರಗುತ್ತಾ ಹೋಗುತ್ತದೆ, ಗಂಡಿನಲ್ಲಿ ಹಾಗಿಲ್ಲ.

ದಾರಿ ಹಿಡಿದ ಕೋಶಗಳು ಮೊದಲು ಸಾಮಾನ್ಯ ವಿಭಜನೆಯಿಂದ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಆಮೇಲೆ ಬರುವುದು ಮಿಯಾಸಿಸ್ ಎಂಬ ವಿಶೇಷ ವಿಭಜನೆ. ಇದರಲ್ಲಿ ತಂದೆಯಿಂದ ಬಂದ ವರ್ಣತಂತು ತಾಯಿಯಿಂದ ಬಂದ ತನ್ನ ಜೋಡಿಯ ಪಕ್ಕಕ್ಕೆ ಬಂದು ನಿಂತು, ಎರಡರ ನಡುವೆ ತುಣುಕುಗಳು ಅದಲುಬದಲಾಗುತ್ತವೆ. ಈ ಹಂತಕ್ಕೆ ಮೂರು ವಾರಕ್ಕೂ ಹೆಚ್ಚು ಕಾಲ ಬೇಕು. ಬಳಿಕ ಬೆನ್ನುಬೆನ್ನಿಗೆ ಎರಡು ವಿಭಜನೆಗಳಾಗಿ, 46 ವರ್ಣತಂತುಗಳಿದ್ದ ಒಂದು ಕೋಶದಿಂದ ತಲಾ 23 ವರ್ಣತಂತುಗಳ ನಾಲ್ಕು ದುಂಡನೆಯ ಕೋಶಗಳು ಹುಟ್ಟುತ್ತವೆ.

ಈ ದುಂಡು ಕೋಶಕ್ಕೆ ಇನ್ನೂ ಬಾಲವಿಲ್ಲ, ಈಜಲು ಬರುವುದಿಲ್ಲ. ಮುಂದಿನ ಮೂರು ವಾರಗಳಲ್ಲಿ ಅದು ವಿಭಜನೆಯಾಗುವುದಿಲ್ಲ, ರೂಪ ಮಾತ್ರ ಬದಲಿಸುತ್ತದೆ. ಡಿಎನ್‌ಎ ಸುತ್ತಿಕೊಂಡಿದ್ದ ಹಳೆಯ ಪ್ರೋಟೀನುಗಳು ಹೋಗಿ ಪ್ರೊಟಮಿನ್ ಎಂಬ ಬೇರೆ ಪ್ರೋಟೀನುಗಳು ಬರುತ್ತವೆ; ಕೋಶಕೇಂದ್ರ ಬಿಗಿಯಾಗಿ ಅದುಮಿಕೊಂಡು ತಲೆಯಾಗುತ್ತದೆ. ಅಂಡದ ಹೊದಿಕೆಯನ್ನು ದಾಟಲು ಬೇಕಾದ ಕಿಣ್ವಗಳ ಚೀಲವೊಂದು ತಲೆಯ ಮೇಲೆ ಕೂರುತ್ತದೆ. ಇನ್ನೊಂದು ತುದಿಯಿಂದ ಬಾಲ ಮೂಡುತ್ತದೆ, ಅದರ ಬುಡದಲ್ಲಿ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಸುರುಳಿಯಾಗಿ ಸುತ್ತಿಕೊಳ್ಳುತ್ತವೆ. ಉಳಿದ ಕೋಶದ್ರವ ಕಳಚಿ ಬೀಳುತ್ತದೆ.

ಮೂಲಕೋಶ ದಾರಿ ಹಿಡಿದಾಗಿನಿಂದ ವೀರ್ಯಾಣು ನಾಳಿಕೆಯ ಟೊಳ್ಳಿಗೆ ಬೀಳುವವರೆಗೆ ಮನುಷ್ಯನಲ್ಲಿ ಸುಮಾರು 74 ದಿನ ಹಿಡಿಯುತ್ತದೆ. 1960ರ ದಶಕದ ಮೊದಲ ಭಾಗದಲ್ಲಿ ಹೆಲ್ಲರ್ ಮತ್ತು ಕ್ಲೆರ್ಮಾಂಟ್ ಎಂಬ ವಿಜ್ಞಾನಿಗಳು ವಿಭಜನೆಯಾಗುತ್ತಿದ್ದ ಕೋಶಗಳ ಡಿಎನ್‌ಎಗೆ ವಿಕಿರಣಶೀಲ ಗುರುತು ಹಾಕಿ, ಆ ಗುರುತು ಎಷ್ಟು ದಿನಕ್ಕೆ ಯಾವ ಪದರಕ್ಕೆ ಬರುತ್ತದೆ ಎಂದು ನೋಡಿ ಈ ಲೆಕ್ಕ ಕೊಟ್ಟರು. ಹಾರ್ಮೋನು ಹೆಚ್ಚು ಕೊಟ್ಟರೆ ಈ ಅವಧಿ ಚುರುಕಾಗುವುದಿಲ್ಲ. ಹಾರ್ಮೋನು ಕಡಿಮೆಯಾದರೆ ಕೋಶಗಳು ನಡುದಾರಿಯಲ್ಲಿ ಸಾಯುತ್ತವೆಯೇ ಹೊರತು ನಿಧಾನಕ್ಕೆ ಸಾಗುವುದಿಲ್ಲ.

ನಾಳಿಕೆಯಿಂದ ಹೊರಬಿದ್ದ ವೀರ್ಯಾಣು ವೃಷಣದ ಹಿಂದಿರುವ ಎಪಿಡಿಡಿಮಿಸ್ ಎಂಬ ಸುಮಾರು ಆರು ಮೀಟರ್ ಉದ್ದದ ಸುರುಳಿ ಕೊಳವೆಯಲ್ಲಿ ಇನ್ನಷ್ಟು ದಿನ ಸಾಗುತ್ತದೆ. ಈಜುವ ಶಕ್ತಿ ಬರುವುದು ಅಲ್ಲಿ. ಹಾಗಾಗಿ ಇಂದಿನ ವೀರ್ಯದಲ್ಲಿರುವುದು ಎರಡೂವರೆ, ಮೂರು ತಿಂಗಳ ಹಿಂದೆ ಆರಂಭವಾದ ಕೋಶಗಳು. ಡೆಂಗಿಯಂತಹ ತೀವ್ರ ಜ್ವರ ಬಂದುಹೋದ ಕೆಲವು ವಾರಗಳಿಗೆ ವೀರ್ಯಾಣು ಸಂಖ್ಯೆ ಇಳಿಯುವುದೂ, ವೈದ್ಯರು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಎನ್ನುವುದೂ ಈ ಕಾರಣಕ್ಕೇ. ವೃಷಣಗಳು ದೇಹದ ಒಳಗಿರದೆ ಚೀಲದಲ್ಲಿ ಹೊರಗೆ ಇಳಿಬಿದ್ದಿರುವುದರಿಂದ ಅವುಗಳ ಉಷ್ಣತೆ ಮೈಯ ಒಳಗಿನದಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ. ಮಿಯಾಸಿಸ್‌ನಲ್ಲಿರುವ ಕೋಶಗಳು ಹೆಚ್ಚಿನ ಬಿಸಿ ತಾಳುವುದಿಲ್ಲ.

ಸರ್ಟೋಲಿ ಕೋಶ: ಆಸರೆ, ಆಹಾರ, ಗೋಡೆ

ಮೇಲಿನ ಪದರಗಳು ತಾವಾಗಿಯೇ ನಿಂತಿಲ್ಲ. ನಾಳಿಕೆಯ ಹೊರ ಅಂಚಿನಲ್ಲಿ ಬುಡವೂರಿ ಟೊಳ್ಳಿನವರೆಗೆ ಚಾಚಿಕೊಂಡ ಸರ್ಟೋಲಿ ಕೋಶಗಳ ಮೈಯಲ್ಲಿನ ಮಡಿಕೆಗಳೊಳಗೆ ಅವು ಹುದುಗಿಕೊಂಡಿರುತ್ತವೆ. ಒಂದೊಂದು ಸರ್ಟೋಲಿ ಕೋಶ ತನ್ನ ಸುತ್ತಲಿನ ವಿವಿಧ ಹಂತಗಳ ಹತ್ತಾರು ಕೋಶಗಳನ್ನು ಸಾಕುತ್ತದೆ. ಮಿಯಾಸಿಸ್‌ನಲ್ಲಿರುವ ಕೋಶಗಳಿಗೆ ಗ್ಲೂಕೋಸನ್ನು ಲ್ಯಾಕ್ಟೇಟ್ ಆಗಿ ಬದಲಿಸಿ ಉಣಿಸುವುದು, ಕಳಚಿಬಿದ್ದ ಕೋಶದ್ರವವನ್ನೂ ನಡುದಾರಿಯಲ್ಲಿ ಸತ್ತ ಕೋಶಗಳನ್ನೂ ನುಂಗಿ ಜೀರ್ಣಿಸುವುದು, ಸಿದ್ಧವಾದ ವೀರ್ಯಾಣುವಿನ ಹಿಡಿತ ಸಡಿಲಿಸಿ ಟೊಳ್ಳಿಗೆ ಬಿಡುವುದು, ಎಲ್ಲವೂ ಅದರದೇ ಕೆಲಸ.

ಒಂದು ಸರ್ಟೋಲಿ ಕೋಶ ಸಾಕಬಲ್ಲ ಕೋಶಗಳಿಗೆ ಮಿತಿಯಿದೆ. ಭ್ರೂಣದಲ್ಲಿ, ಶೈಶವದಲ್ಲಿ ಮತ್ತು ಹರೆಯದ ಹೊಸ್ತಿಲಲ್ಲಿ ಹೆಚ್ಚುವ ಸರ್ಟೋಲಿ ಕೋಶಗಳು ಹರೆಯ ಬಂದ ಮೇಲೆ ವಿಭಜನೆ ನಿಲ್ಲಿಸುತ್ತವೆ. ಆ ಹೊತ್ತಿಗೆ ಎಷ್ಟಿವೆಯೋ ಅಷ್ಟೇ. ಒಬ್ಬ ಗಂಡಸಿನ ವೃಷಣದ ಗಾತ್ರವೂ ಅವನು ದಿನಕ್ಕೆ ತಯಾರಿಸಬಹುದಾದ ವೀರ್ಯಾಣುಗಳ ಗರಿಷ್ಠ ಸಂಖ್ಯೆಯೂ ಬಹುಮಟ್ಟಿಗೆ ಆಗಲೇ ನಿಗದಿಯಾಗಿರುತ್ತವೆ.

ಸರ್ಟೋಲಿ ಕೋಶಗಳ ಇನ್ನೊಂದು ಹೊಣೆ ಗೋಡೆ ಕಟ್ಟುವುದು. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದು ಯಾವುದು, ಪರಕೀಯ ಯಾವುದು ಎಂಬುದನ್ನು ಎಳವೆಯಲ್ಲೇ ಕಲಿತಿರುತ್ತದೆ. ವೀರ್ಯಾಣುಗಳು ಕಾಣಿಸಿಕೊಳ್ಳುವುದು ಹರೆಯದಲ್ಲಿ. ಅವುಗಳ ಮೇಲೆ ಇರುವ ಹಲವು ಪ್ರೋಟೀನುಗಳು ಆ ವ್ಯವಸ್ಥೆಗೆ ಹೊಸವು, ರಕ್ತಕ್ಕೆ ಎದುರಾದರೆ ದಾಳಿಗೆ ಗುರಿಯಾಗುತ್ತವೆ. ಇದನ್ನು ತಡೆಯಲು ಅಕ್ಕಪಕ್ಕದ ಸರ್ಟೋಲಿ ಕೋಶಗಳು ಬುಡದಿಂದ ತುಸು ಮೇಲೆ ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು ನಾಳಿಕೆಯ ಗೋಡೆಯನ್ನು ಎರಡು ಭಾಗ ಮಾಡುತ್ತವೆ. ಮೂಲಕೋಶಗಳು ಹೊರಭಾಗದಲ್ಲಿ ಉಳಿಯುತ್ತವೆ, ರಕ್ತದಿಂದ ಪೋಷಣೆ ಪಡೆಯುತ್ತವೆ. ಮಿಯಾಸಿಸ್ ಆರಂಭಿಸಿದ ಕೋಶಗಳು ಒಳಭಾಗಕ್ಕೆ ದಾಟುತ್ತವೆ. ಅವು ದಾಟುವಾಗ ಮೊದಲು ಅವುಗಳ ಹಿಂದೆ ಹೊಸ ಬೆಸುಗೆ ಮೂಡುತ್ತದೆ, ಆಮೇಲೆ ಮುಂದಿನ ಹಳೆಯ ಬೆಸುಗೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಕೋಶ ಒಳಗೆ ಹೋಗುತ್ತದೆ, ಗೋಡೆ ಮಾತ್ರ ತೆರೆದುಕೊಳ್ಳುವುದಿಲ್ಲ. ಏಟು ಬಿದ್ದು ಅಥವಾ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಳಿಕ ವೀರ್ಯಾಣುಗಳು ಹೊರಗಿನ ಅಂಗಾಂಶಕ್ಕೆ ಸೋರಿದರೆ ಅವುಗಳ ವಿರುದ್ಧ ಪ್ರತಿಕಾಯಗಳು ಹುಟ್ಟುವುದುಂಟು.

ಲೈಡಿಗ್ ಕೋಶ: ಕೊಲೆಸ್ಟರಾಲಿನಿಂದ ಟೆಸ್ಟೊಸ್ಟೆರೋನ್

ಲೈಡಿಗ್ ಕೋಶದ ಕಚ್ಚಾವಸ್ತು ಕೊಲೆಸ್ಟರಾಲ್. ಪಿಟ್ಯುಟರಿ ಗ್ರಂಥಿಯಿಂದ ಬಂದ ಎಲ್‌ಎಚ್ ಎಂಬ ಹಾರ್ಮೋನು ಈ ಕೋಶದ ಮೇಲ್ಮೈಯ ಗ್ರಾಹಿಗೆ ಅಂಟಿದ ಕೂಡಲೇ ಒಳಗೆ ಸಂಕೇತಗಳ ಸರಣಿ ಆರಂಭವಾಗುತ್ತದೆ. ಸ್ಟಾರ್ ಎಂಬ ಪ್ರೋಟೀನು ಕೊಲೆಸ್ಟರಾಲನ್ನು ಮೈಟೊಕಾಂಡ್ರಿಯದ ಒಳಪೊರೆಗೆ ಸಾಗಿಸುತ್ತದೆ. ಇಡೀ ಕೆಲಸದ ವೇಗ ನಿರ್ಧಾರವಾಗುವುದು ಈ ಸಾಗಣೆಯಲ್ಲಿ. ಅಲ್ಲಿ ಕೊಲೆಸ್ಟರಾಲಿನ ಪಕ್ಕದ ಸರಪಳಿ ಕತ್ತರಿಸಲ್ಪಟ್ಟು ಬೇರೊಂದು ಸ್ಟೀರಾಯ್ಡ್ ಆಗುತ್ತದೆ. ಅದು ಮೈಟೊಕಾಂಡ್ರಿಯದಿಂದ ಹೊರಬಂದು ಕೆಲವು ಕಿಣ್ವಗಳ ಕೈದಾಟಿ ಟೆಸ್ಟೊಸ್ಟೆರೋನ್ ಆಗುತ್ತದೆ. ಕೋಶ ಇದನ್ನು ಕೂಡಿಡುವುದಿಲ್ಲ, ತಯಾರಾದ ಹಾಗೇ ಹೊರಬಿಡುತ್ತದೆ. ವಯಸ್ಕ ಗಂಡಸಿನಲ್ಲಿ ದಿನದ ಉತ್ಪಾದನೆ ಸುಮಾರು 5ರಿಂದ 7 ಮಿಲಿಗ್ರಾಂ.

ರಕ್ತ ಸೇರಿದ ಟೆಸ್ಟೊಸ್ಟೆರೋನಿನ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡು ಸಾಗುತ್ತದೆ; ಬಿಡಿಯಾಗಿರುವುದು ಶೇಕಡಾ ಎರಡರಷ್ಟು. ಗಡ್ಡಮೀಸೆ, ದನಿಯ ಬದಲಾವಣೆ, ಸ್ನಾಯು, ಮೂಳೆ, ಕಾಮಾಸಕ್ತಿ, ಕೆಂಪು ರಕ್ತಕಣಗಳ ಉತ್ಪಾದನೆ ಎಲ್ಲಕ್ಕೂ ರಕ್ತದ ಈ ಮಟ್ಟ ಸಾಕು. ಕೆಲವು ಅಂಗಾಂಶಗಳಲ್ಲಿ ಅದು ಇನ್ನೂ ಪ್ರಬಲವಾದ ಡೈಹೈಡ್ರೋಟೆಸ್ಟೊಸ್ಟೆರೋನ್ ಆಗುತ್ತದೆ, ಕೊಬ್ಬಿನಂತಹ ಕಡೆ ಒಂದು ಪಾಲು ಈಸ್ಟ್ರಡಯಾಲ್ ಆಗಿ ಬದಲಾಗುತ್ತದೆ.

ವೀರ್ಯಾಣು ತಯಾರಿಗೆ ಮಾತ್ರ ರಕ್ತದ ಮಟ್ಟ ಸಾಲದು. ಲೈಡಿಗ್ ಕೋಶಗಳು ನಾಳಿಕೆಗಳ ಪಕ್ಕದಲ್ಲೇ ಇರುವುದರಿಂದ ವೃಷಣದೊಳಗಿನ ಟೆಸ್ಟೊಸ್ಟೆರೋನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು, ಕೆಲವು ಅಳತೆಗಳಲ್ಲಿ ನೂರು ಪಟ್ಟು ಹೆಚ್ಚು. ಈ ಟೆಸ್ಟೊಸ್ಟೆರೋನನ್ನು ಗ್ರಹಿಸುವುದು ವೀರ್ಯಾಣುವಾಗುತ್ತಿರುವ ಕೋಶವಲ್ಲ, ಅದಕ್ಕೆ ಆಸರೆಯಾಗಿರುವ ಸರ್ಟೋಲಿ ಕೋಶ. ಲೈಡಿಗ್ ಕೋಶ ಕಳಿಸಿದ ಟೆಸ್ಟೊಸ್ಟೆರೋನೂ ಪಿಟ್ಯುಟರಿ ಕಳಿಸಿದ ಎಫ್‌ಎಸ್‌ಎಚ್ ಎಂಬ ಹಾರ್ಮೋನೂ ಸರ್ಟೋಲಿ ಕೋಶವನ್ನೇ ತಲುಪುತ್ತವೆ. ಅದು ಎರಡನ್ನೂ ಗ್ರಹಿಸಿ ತನ್ನ ಮಡಿಲಿನ ಕೋಶಗಳನ್ನು ಸಾಕುತ್ತದೆ. ವೃಷಣದೊಳಗಿನ ಟೆಸ್ಟೊಸ್ಟೆರೋನ್ ಕುಸಿದರೆ ಮಿಯಾಸಿಸ್ ಪೂರ್ತಿಯಾಗುವುದಿಲ್ಲ, ದುಂಡು ಕೋಶಗಳು ಸರ್ಟೋಲಿಯ ಹಿಡಿತ ತಪ್ಪಿ ಉದುರುತ್ತವೆ.

ಮೇಲಿನಿಂದ ಬರುವ ಆದೇಶ, ಕೆಳಗಿನಿಂದ ಹೋಗುವ ವರದಿ

ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎರಡೂ ಬರುವುದು ಮಿದುಳಿನ ಕೆಳಗಿರುವ ಪಿಟ್ಯುಟರಿಯಿಂದ. ಪಿಟ್ಯುಟರಿಗೆ ಆದೇಶ ಬರುವುದು ಅದರ ಮೇಲಿರುವ ಹೈಪೊಥಲಾಮಸ್‌ನಿಂದ. ಅಲ್ಲಿನ ನರಕೋಶಗಳು ಜಿಎನ್‌ಆರ್‌ಎಚ್ ಎಂಬ ಹತ್ತೇ ಅಮೈನೊ ಆಮ್ಲಗಳ ಪುಟ್ಟ ಹಾರ್ಮೋನನ್ನು ಹೊರಬಿಡುತ್ತವೆ. ಇದರ ರಚನೆಯನ್ನು ಬಿಡಿಸಿದ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಯ್ಮಾಂ 1977ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಜಿಎನ್‌ಆರ್‌ಎಚ್ ಒಂದೇ ಸಮನೆ ಹರಿದುಬರುವುದಿಲ್ಲ. ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಒಂದು ತುಡಿತದ ಹಾಗೆ ಬರುತ್ತದೆ. ಈ ಬಿಡುವು ಅತ್ಯಗತ್ಯ. ಅದೇ ಹಾರ್ಮೋನನ್ನು ಬಿಡುವಿಲ್ಲದೆ ಕೊಟ್ಟರೆ ಪಿಟ್ಯುಟರಿ ಮೊದಲ ಕೆಲವು ದಿನ ಹೆಚ್ಚು ಕೆಲಸ ಮಾಡಿ, ಆಮೇಲೆ ಸ್ಪಂದಿಸುವುದನ್ನೇ ನಿಲ್ಲಿಸುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆ ಇದನ್ನೇ ಬಳಸಿಕೊಳ್ಳುತ್ತದೆ: ದೀರ್ಘಕಾಲ ಕೆಲಸ ಮಾಡುವ ಜಿಎನ್‌ಆರ್‌ಎಚ್ ಮಾದರಿಯ ಔಷಧ ಕೊಟ್ಟರೆ ಮೊದಲು ಟೆಸ್ಟೊಸ್ಟೆರೋನ್ ಏರಿ, ಕೆಲವು ವಾರಗಳಲ್ಲಿ ವೃಷಣ ತೆಗೆದುಹಾಕಿದಷ್ಟು ಕೆಳಗೆ ಇಳಿಯುತ್ತದೆ.

ಎಲ್‌ಎಚ್ ಲೈಡಿಗ್ ಕೋಶಕ್ಕೆ ಹೋಗುತ್ತದೆ, ಎಫ್‌ಎಸ್‌ಎಚ್ ಸರ್ಟೋಲಿ ಕೋಶಕ್ಕೆ ಹೋಗುತ್ತದೆ. ಎರಡೂ ಕೋಶಗಳಿಂದ ಮೇಲಕ್ಕೆ ಬೇರೆ ಬೇರೆ ವರದಿ ಹೋಗುತ್ತದೆ. ಲೈಡಿಗ್ ಕೋಶದ ವರದಿ ಟೆಸ್ಟೊಸ್ಟೆರೋನೇ. ರಕ್ತದಲ್ಲಿ ಅದು ಹೆಚ್ಚಾದಾಗ ಹೈಪೊಥಲಾಮಸ್ ತುಡಿತಗಳನ್ನು ವಿರಳ ಮಾಡುತ್ತದೆ, ಪಿಟ್ಯುಟರಿಯೂ ಎಲ್‌ಎಚ್ ಇಳಿಸುತ್ತದೆ. ಕಡಿಮೆಯಾದಾಗ ಇದು ತಿರುಗುಮುರುಗಾಗುತ್ತದೆ. ಮಹಡಿಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಮಟ್ಟ ಏರಿದಂತೆ ತೇಲುವ ಚೆಂಡು ಮೇಲೆದ್ದು ನಲ್ಲಿಯನ್ನು ಮುಚ್ಚುವ ಹಾಗೆ ಇದು; ನೀರು ನಲ್ಲಿಯಿಂದ ಬಂತೋ, ಟ್ಯಾಂಕರ್‌ನವರು ಪೈಪು ಹಾಕಿ ತುಂಬಿಸಿದರೋ ಎಂಬುದು ಚೆಂಡಿಗೆ ಗೊತ್ತಾಗುವುದಿಲ್ಲ. ಈ ವರದಿಯ ಒಂದು ಪಾಲು ಈಸ್ಟ್ರಡಯಾಲ್ ರೂಪದಲ್ಲಿಯೂ ಹೋಗುತ್ತದೆ. ಟೆಸ್ಟೊಸ್ಟೆರೋನನ್ನು ಈಸ್ಟ್ರಡಯಾಲ್ ಆಗಿ ಬದಲಿಸುವ ಕಿಣ್ವವನ್ನು ಔಷಧದಿಂದ ತಡೆದರೆ ಗಂಡಸಿನಲ್ಲಿ ಎಲ್‌ಎಚ್ ಏರುವುದು ಇದಕ್ಕೆ ಸಾಕ್ಷಿ.

ಸರ್ಟೋಲಿ ಕೋಶದ ವರದಿಯ ಹೆಸರು ಇನ್‌ಹಿಬಿನ್. ದನದ ವೃಷಣದ ನೀರಿನ ಸಾರಕ್ಕೆ ಪಿಟ್ಯುಟರಿಯನ್ನು ಹತೋಟಿಯಲ್ಲಿಡುವ ಗುಣವಿದೆ ಎಂದು 1932ರಲ್ಲಿ ಮೆಕಲಾ ಎಂಬ ವಿಜ್ಞಾನಿ ತೋರಿಸಿ ಈ ಹೆಸರಿಟ್ಟ. ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಲು 1985ರವರೆಗೆ ಕಾಯಬೇಕಾಯಿತು. ಗಂಡಸಿನಲ್ಲಿ ಕೆಲಸ ಮಾಡುವ ರೂಪ ಇನ್‌ಹಿಬಿನ್ ಬಿ. ಅದು ಪಿಟ್ಯುಟರಿಯಲ್ಲಿ ಎಫ್‌ಎಸ್‌ಎಚ್ ಅನ್ನು ಮಾತ್ರ ಇಳಿಸುತ್ತದೆ, ಎಲ್‌ಎಚ್‌ನ ಗೊಡವೆಗೆ ಹೋಗುವುದಿಲ್ಲ. ಸರ್ಟೋಲಿ ಕೋಶದ ಸುತ್ತ ವೀರ್ಯಾಣು ತಯಾರಿ ಚೆನ್ನಾಗಿ ನಡೆದಿದ್ದರೆ ಇನ್‌ಹಿಬಿನ್ ಬಿ ಹೆಚ್ಚು ಹೊರಬರುತ್ತದೆ. ನಾಳಿಕೆಗಳು ಬರಿದಾದರೆ ಅದು ಕುಸಿಯುತ್ತದೆ, ಎಫ್‌ಎಸ್‌ಎಚ್ ಏರುತ್ತದೆ.

ಬೆಂಗಳೂರಿನ ಕೋತಿಗಳು ತೋರಿಸಿದ್ದು

ಎಲ್‌ಎಚ್ ದಾರಿಯನ್ನು ಮುಟ್ಟದೆ ಎಫ್‌ಎಸ್‌ಎಚ್ ದಾರಿಯನ್ನು ಮಾತ್ರ ಮುಚ್ಚಿದರೆ ಏನಾಗುತ್ತದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಮತ್ತು ಅವರ ತಂಡ ಈ ಪ್ರಶ್ನೆಯನ್ನು ದಕ್ಷಿಣ ಭಾರತದ ಸಾಮಾನ್ಯ ಕೋತಿಗಳ ಮೇಲೆ ಪರೀಕ್ಷಿಸಿತು. ಗಂಡು ಕೋತಿಗಳಿಗೆ ಕುರಿಯ ಎಫ್‌ಎಸ್‌ಎಚ್ ಅನ್ನು ಲಸಿಕೆಯಾಗಿ ಕೊಟ್ಟಾಗ ಅವುಗಳ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಿತು. ಆ ಪ್ರತಿಕಾಯಗಳು ಕೋತಿಯ ಸ್ವಂತ ಎಫ್‌ಎಸ್‌ಎಚ್ ಅನ್ನೂ ಹಿಡಿದು ನಿಷ್ಕ್ರಿಯಗೊಳಿಸಿದವು. ವೀರ್ಯಾಣುಗಳ ಸಂಖ್ಯೆ ಬಹಳ ಇಳಿಯಿತು, ಗುಣ ಕೆಟ್ಟಿತು, ಕೋತಿಗಳು ಮರಿ ಹುಟ್ಟಿಸಲಾರದಾದವು. ಟೆಸ್ಟೊಸ್ಟೆರೋನ್ ಮಾತ್ರ ಮೊದಲಿನಂತೆಯೇ ಉಳಿಯಿತು. ಗಂಡಸರಿಗೆ ಗರ್ಭನಿರೋಧಕ ಲಸಿಕೆಯಾಗಬಹುದೇ ಎಂಬ ಉದ್ದೇಶದಿಂದ ಕೆಲವೇ ಸ್ವಯಂಸೇವಕರ ಮೇಲೆ ನಡೆದ ಪ್ರಾಥಮಿಕ ಪರೀಕ್ಷೆಯ ಫಲಿತಾಂಶವನ್ನು ತಂಡ 1997ರಲ್ಲಿ ಪ್ರಕಟಿಸಿತು. ಅಲ್ಲಿಯೂ ಟೆಸ್ಟೊಸ್ಟೆರೋನ್ ಕದಲಲಿಲ್ಲ.

ಅದೇ ವರ್ಷ ಫಿನ್ಲೆಂಡಿನಿಂದ ಬಂದ ವರದಿಯೊಂದು ಬೇರೆ ಚಿತ್ರ ಕೊಟ್ಟಿತು. ಎಫ್‌ಎಸ್‌ಎಚ್ ಗ್ರಾಹಿಯೇ ಹುಟ್ಟಿನಿಂದ ಕೆಟ್ಟಿದ್ದ ಐವರು ಗಂಡಸರಲ್ಲಿ ವೃಷಣ ಚಿಕ್ಕದಾಗಿತ್ತು, ವೀರ್ಯ ಕಳಪೆಯಾಗಿತ್ತು. ಆದರೆ ಯಾರಲ್ಲೂ ವೀರ್ಯಾಣು ಪೂರ್ತಿ ಇಲ್ಲವಾಗಿರಲಿಲ್ಲ, ಇಬ್ಬರಿಗೆ ಮಕ್ಕಳೂ ಇದ್ದರು. ಎಫ್‌ಎಸ್‌ಎಚ್ ವೀರ್ಯಾಣುಗಳ ಸಂಖ್ಯೆಯನ್ನೂ ಗುಣವನ್ನೂ ಹೆಚ್ಚಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಅದಿಲ್ಲದೆ ಉತ್ಪಾದನೆ ಸೊರಗಿಯಾದರೂ ನಡೆಯಬಹುದು. ವೃಷಣದೊಳಗಿನ ಟೆಸ್ಟೊಸ್ಟೆರೋನ್ ಇಲ್ಲದೆ ನಡೆಯುವುದಿಲ್ಲ.

ಹೊರಗಿನಿಂದ ಟೆಸ್ಟೊಸ್ಟೆರೋನ್ ಬಂದಾಗ

ವೈದ್ಯರಿಗೆ ಆಗಾಗ ಎದುರಾಗುವ ಒಂದು ಮಾದರಿ ಪ್ರಕರಣದಲ್ಲಿ ಈ ಎಲ್ಲ ಕೊಂಡಿಗಳೂ ಒಟ್ಟಿಗೆ ಕಾಣುತ್ತವೆ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಬಂದ 31 ವರ್ಷದ ಗಂಡಸು. ಕಟ್ಟುಮಸ್ತಾದ ಮೈ, ಆರೋಗ್ಯದಲ್ಲಿ ಬೇರೆ ದೂರಿಲ್ಲ. ಹತ್ತು ತಿಂಗಳಿಂದ ಜಿಮ್‌ನಲ್ಲಿ ಯಾರೋ ಹೇಳಿದರೆಂದು ವಾರಕ್ಕೊಮ್ಮೆ 250 ಮಿಲಿಗ್ರಾಂ ಟೆಸ್ಟೊಸ್ಟೆರೋನ್ ಚುಚ್ಚಿಸಿಕೊಳ್ಳುತ್ತಿದ್ದಾನೆ. ದೇಹ ತಾನೇ ತಯಾರಿಸುವುದು ವಾರಕ್ಕೆ 35ರಿಂದ 50 ಮಿಲಿಗ್ರಾಂ ಮಾತ್ರ. ವೀರ್ಯ ಪರೀಕ್ಷೆಯಲ್ಲಿ ಪ್ರಮಾಣ 2.6 ಮಿಲಿಲೀಟರ್, ಅಂದರೆ ಸರಿಯಾಗಿದೆ. ವೀರ್ಯಾಣು ಒಂದೂ ಇಲ್ಲ. ಎರಡೂ ವೃಷಣ ಮೆತ್ತಗಾಗಿ ತಲಾ 12 ಮಿಲಿಲೀಟರಿಗೆ ಇಳಿದಿವೆ. ರಕ್ತದಲ್ಲಿ ಟೆಸ್ಟೊಸ್ಟೆರೋನ್ ಡೆಸಿಲೀಟರಿಗೆ 1,150 ನ್ಯಾನೊಗ್ರಾಂ. ಸಾಮಾನ್ಯ ವ್ಯಾಪ್ತಿ ಸುಮಾರು 300ರಿಂದ 1,000. ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎರಡೂ ಯಂತ್ರ ಅಳೆಯಲಾರದಷ್ಟು ಕೆಳಗೆ.

ಸಂಖ್ಯೆಗಳನ್ನು ಒಂದೊಂದಾಗಿ ಓದಿದರೆ ಕಾರಣ ತಾನಾಗಿ ತಿಳಿಯುತ್ತದೆ. ರಕ್ತದಲ್ಲಿ ಟೆಸ್ಟೊಸ್ಟೆರೋನ್ ಅತಿಯಾಗಿರುವುದನ್ನು ಕಂಡ ಹೈಪೊಥಲಾಮಸ್ ತುಡಿತ ನಿಲ್ಲಿಸಿದೆ, ಪಿಟ್ಯುಟರಿ ಎರಡೂ ಹಾರ್ಮೋನುಗಳನ್ನು ಕೈಬಿಟ್ಟಿದೆ. ಎಲ್‌ಎಚ್ ಇಲ್ಲದ ಲೈಡಿಗ್ ಕೋಶಗಳು ಸುಮ್ಮನಾಗಿವೆ, ವೃಷಣದೊಳಗಿನ ಮಟ್ಟ ಕುಸಿದಿದೆ. ಆರೋಗ್ಯವಂತ ಸ್ವಯಂಸೇವಕರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಟ್ಟು ವೃಷಣದೊಳಗಿನ ದ್ರವವನ್ನು ಅಳೆದ ಅಧ್ಯಯನವೊಂದರಲ್ಲಿ ಈ ಕುಸಿತ ಶೇಕಡಾ 94ರಷ್ಟಿತ್ತು. ಸರ್ಟೋಲಿ ಕೋಶಕ್ಕೆ ಎರಡೂ ಸಂದೇಶಗಳು ತಪ್ಪಿವೆ. ನಾಳಿಕೆಗಳು ಬರಿದಾಗಿ ವೃಷಣ ಕುಗ್ಗಿದೆ. ವೀರ್ಯದ ದ್ರವಭಾಗ ಬರುವುದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ. ಅವುಗಳಿಗೆ ರಕ್ತದ ಟೆಸ್ಟೊಸ್ಟೆರೋನ್ ಸಾಕಾದ್ದರಿಂದ ಪ್ರಮಾಣ ಕಡಿಮೆಯಾಗಿಲ್ಲ. ಹೀಗಾಗಿ ಗಂಡಸಿಗೆ ಹೊರನೋಟಕ್ಕೆ ಯಾವ ಸುಳಿವೂ ಸಿಗುವುದಿಲ್ಲ.

ಈ ಪರಿಣಾಮವನ್ನು ವಿಶ್ವ ಆರೋಗ್ಯ ಸಂಸ್ಥೆ ಉದ್ದೇಶಪೂರ್ವಕವಾಗಿಯೇ ಪರೀಕ್ಷಿಸಿದೆ. 1990ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ 271 ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೊಸ್ಟೆರೋನನ್ನು ಗರ್ಭನಿರೋಧಕವಾಗಿ ಕೊಡಲಾಯಿತು. ಅವರಲ್ಲಿ 157 ಮಂದಿಯ ವೀರ್ಯದಲ್ಲಿ ವೀರ್ಯಾಣು ಪೂರ್ತಿ ಇಲ್ಲವಾಯಿತು. ಉಳಿದವರಲ್ಲಿ ಸಂಖ್ಯೆ ಇಳಿದರೂ ಸೊನ್ನೆಗೆ ಬರಲಿಲ್ಲ. ಹಾಗಾಗಿ ಟೆಸ್ಟೊಸ್ಟೆರೋನ್ ಚುಚ್ಚಿಸಿಕೊಂಡವನಿಗೆ ಮಕ್ಕಳಾಗುವುದೇ ಇಲ್ಲವೆಂದು ನಂಬುವಂತಿಲ್ಲ, ಆಗುತ್ತವೆಂದು ನೆಚ್ಚುವಂತೆಯೂ ಇಲ್ಲ.

ಚಿಕಿತ್ಸೆಯ ಮೊದಲ ಹೆಜ್ಜೆ ಇಂಜೆಕ್ಷನ್ ನಿಲ್ಲಿಸುವುದು. ನಿಲ್ಲಿಸಿದ ಮೇಲಿನ ವಾರಗಳು ಕಷ್ಟದವು. ಹೊರಗಿನ ಹಾರ್ಮೋನು ಇಳಿದಿರುತ್ತದೆ, ಒಳಗಿನದು ಇನ್ನೂ ಎದ್ದಿರುವುದಿಲ್ಲ. ಸುಸ್ತು, ಖಿನ್ನತೆ, ಕಾಮಾಸಕ್ತಿ ಕುಗ್ಗುವುದು ಸಾಮಾನ್ಯ. ಇದನ್ನು ತಾಳಲಾರದೆ ಹಲವರು ಮತ್ತೆ ಇಂಜೆಕ್ಷನ್ನಿಗೆ ಮರಳುತ್ತಾರೆ. ಈ ಅವಧಿ ದಾಟಿಸಲು ವೈದ್ಯರು ಎಚ್‌ಸಿಜಿ ಎಂಬ ಹಾರ್ಮೋನನ್ನು ಬಳಸುವುದುಂಟು. ಗರ್ಭಿಣಿಯರ ದೇಹದಲ್ಲಿ ಹುಟ್ಟುವ ಈ ಹಾರ್ಮೋನು ಎಲ್‌ಎಚ್ ಗ್ರಾಹಿಗೇ ಅಂಟಿ ಲೈಡಿಗ್ ಕೋಶವನ್ನು ನೇರವಾಗಿ ಎಬ್ಬಿಸುತ್ತದೆ, ವೃಷಣದೊಳಗಿನ ಟೆಸ್ಟೊಸ್ಟೆರೋನನ್ನು ಮೇಲೆತ್ತುತ್ತದೆ. ಅಗತ್ಯವಿದ್ದರೆ ಎಫ್‌ಎಸ್‌ಎಚ್ ಇಂಜೆಕ್ಷನ್ನನ್ನೂ ಸೇರಿಸುತ್ತಾರೆ.

ವೀರ್ಯಾಣು ಮರಳಲು ಬೇಕಾದ ಕಾಲವನ್ನು ಮೇಲಿನ ಲೆಕ್ಕದಿಂದಲೇ ಅಂದಾಜು ಮಾಡಬಹುದು. ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಏಳಲು ಕೆಲವು ವಾರದಿಂದ ಕೆಲವು ತಿಂಗಳು, ಆಮೇಲೆ ತಯಾರಿಯ 74 ದಿನ, ಎಪಿಡಿಡಿಮಿಸ್‌ನಲ್ಲಿ ಇನ್ನಷ್ಟು ದಿನ. ಗರ್ಭನಿರೋಧಕ ಪರೀಕ್ಷೆಗಳಲ್ಲಿ ಭಾಗವಹಿಸಿದವರ ಮಾಹಿತಿಯನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮಿಲಿಲೀಟರಿಗೆ ಎರಡು ಕೋಟಿ ವೀರ್ಯಾಣುಗಳ ಮಟ್ಟಕ್ಕೆ ಸುಮಾರು ಮೂರನೇ ಎರಡರಷ್ಟು ಗಂಡಸರು ಆರು ತಿಂಗಳಲ್ಲಿ, ಶೇಕಡಾ 90ರಷ್ಟು ಮಂದಿ ಒಂದು ವರ್ಷದಲ್ಲಿ ಮರಳಿದ್ದರು. ಅವರು ಆರೋಗ್ಯವಂತರು, ಗೊತ್ತಾದ ಪ್ರಮಾಣದ ಔಷಧ ಪಡೆದವರು. ಹಲವು ಸ್ಟೀರಾಯ್ಡ್‌ಗಳನ್ನು ಬೆರೆಸಿ ವರ್ಷಗಟ್ಟಲೆ ತೆಗೆದುಕೊಂಡವರಿಗೆ ಈ ಅಂಕಿಗಳನ್ನು ನೇರವಾಗಿ ಅನ್ವಯಿಸುವಂತಿಲ್ಲ.

ವರದಿ ಹೇಳುವ ಬೇರೆ ಕಥೆಗಳು

ವೀರ್ಯಾಣು ಇಲ್ಲ ಎಂಬ ಒಂದೇ ಫಲಿತಾಂಶಕ್ಕೆ ಹಲವು ಕಾರಣಗಳಿರಬಹುದು. ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೊಸ್ಟೆರೋನ್ ಮೂರನ್ನೂ ಒಟ್ಟಿಗೆ ನೋಡಿದರೆ ತೊಂದರೆ ಎಲ್ಲಿದೆ ಎಂಬುದರ ಸುಳಿವು ಸಿಗುತ್ತದೆ. ಎಲ್‌ಎಚ್ ಮತ್ತು ಟೆಸ್ಟೊಸ್ಟೆರೋನ್ ಸರಿಯಾಗಿದ್ದು ಎಫ್‌ಎಸ್‌ಎಚ್ ಮಾತ್ರ ಏರಿದ್ದರೆ ಲೈಡಿಗ್ ಕೋಶಗಳು ಚೆನ್ನಾಗಿವೆ, ನಾಳಿಕೆಗಳು ಕೆಟ್ಟಿವೆ ಎಂದರ್ಥ. ಇನ್‌ಹಿಬಿನ್ ಬಿ ತಗ್ಗಿರುವುದರಿಂದ ಪಿಟ್ಯುಟರಿ ಎಫ್‌ಎಸ್‌ಎಚ್ ಹೆಚ್ಚು ಬಿಡುತ್ತಿರುತ್ತದೆ. ನಾಳಿಕೆಯಲ್ಲಿ ಸರ್ಟೋಲಿ ಕೋಶಗಳಷ್ಟೇ ಇದ್ದು ಮೂಲಕೋಶಗಳೇ ಇಲ್ಲದವರಲ್ಲಿ, ಕೆಲವು ಬಗೆಯ ಕ್ಯಾನ್ಸರ್ ಚಿಕಿತ್ಸೆ ಪಡೆದವರಲ್ಲಿ ಈ ಚಿತ್ರ ಕಾಣುತ್ತದೆ.

ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಏರಿದ್ದು ಟೆಸ್ಟೊಸ್ಟೆರೋನ್ ತಗ್ಗಿದ್ದರೆ ವೃಷಣದ ಎರಡೂ ಭಾಗಗಳು ಸೋತಿವೆ, ಪಿಟ್ಯುಟರಿ ಒತ್ತಾಯಿಸುತ್ತಿದ್ದರೂ ಉತ್ತರ ಬರುತ್ತಿಲ್ಲ. ಒಂದು ಎಕ್ಸ್ ವರ್ಣತಂತು ಹೆಚ್ಚಾಗಿ ಇರುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಇದಕ್ಕೆ ಸಾಮಾನ್ಯ ಉದಾಹರಣೆ. ಇವರ ವೃಷಣಗಳು ತೀರಾ ಚಿಕ್ಕವಾಗಿ, ಗಟ್ಟಿಯಾಗಿ ಇರುತ್ತವೆ. ಮೂರೂ ತಗ್ಗಿದ್ದರೆ ದೋಷ ವೃಷಣದಲ್ಲಿಲ್ಲ, ಹೈಪೊಥಲಾಮಸ್ ಅಥವಾ ಪಿಟ್ಯುಟರಿಯಲ್ಲಿದೆ. ವೃಷಣ ಆದೇಶಕ್ಕಾಗಿ ಕಾದಿರುವುದರಿಂದ ಎಚ್‌ಸಿಜಿ ಮತ್ತು ಎಫ್‌ಎಸ್‌ಎಚ್ ಕೊಟ್ಟು ವೀರ್ಯಾಣು ತಯಾರಿಯನ್ನು ಆರಂಭಿಸಬಹುದು. ಹಲವು ತಿಂಗಳು, ಕೆಲವರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಇಂಥವರಿಗೆ ಮಕ್ಕಳು ಬೇಕಿದ್ದಾಗ ಟೆಸ್ಟೊಸ್ಟೆರೋನ್ ಇಂಜೆಕ್ಷನ್ ಕೊಡುವುದು ಸರಿಯಾದ ಚಿಕಿತ್ಸೆಯಲ್ಲ. ರಕ್ತದ ಸಂಖ್ಯೆ ಸರಿಹೋಗುತ್ತದೆ, ವೃಷಣದೊಳಗಿನದು ಸರಿಹೋಗುವುದಿಲ್ಲ. ಮೂರೂ ಸರಿಯಾಗಿದ್ದು ವೃಷಣದ ಗಾತ್ರವೂ ಸರಿಯಿದ್ದರೆ ಉತ್ಪಾದನೆ ನಡೆಯುತ್ತಿದ್ದು ಹೊರಬರುವ ದಾರಿ ಮುಚ್ಚಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಲಾಗುತ್ತದೆ. ಆದರೆ ಕೋಶಗಳು ಮಿಯಾಸಿಸ್‌ನ ನಡುವೆ ನಿಂತುಹೋದಾಗಲೂ ಎಫ್‌ಎಸ್‌ಎಚ್ ಸರಿಯಾಗಿಯೇ ಇರಬಹುದು. ಆಗ ವೃಷಣದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಎರಡರ ನಡುವಿನ ವ್ಯತ್ಯಾಸ ಖಚಿತವಾಗುತ್ತದೆ.

ಈ ಪರೀಕ್ಷೆಗಳಿಗೆ ರಕ್ತ ಕೊಡುವ ಹೊತ್ತೂ ಮುಖ್ಯ. ಟೆಸ್ಟೊಸ್ಟೆರೋನ್ ಬೆಳಗ್ಗೆ ಹೆಚ್ಚು, ಸಂಜೆಗೆ ಇಳಿಯುತ್ತದೆ. ಎಲ್‌ಎಚ್ ತುಡಿತ ತುಡಿತವಾಗಿ ಬರುವುದರಿಂದ ಒಂದೇ ಮಾದರಿ ದಾರಿ ತಪ್ಪಿಸಬಹುದು. ಹಾಗಾಗಿ ಬೆಳಗಿನ ಹೊತ್ತು ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು, ಟೆಸ್ಟೊಸ್ಟೆರೋನ್ ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಅಳೆದು ಖಚಿತಪಡಿಸಿಕೊಂಡ ಮೇಲಷ್ಟೇ ಚಿಕಿತ್ಸೆ ನಿರ್ಧರಿಸುವುದು ವಾಡಿಕೆ.